ಹೆಲ್ಮೆಟ್ ಪಟ್ಟಿಯ ಕೆಳಗೆ ಎದ್ದ ಮೊಡವೆಗಳು

ಮೊಡವೆಯ ವಯಸ್ಸು ದಾಟಿ ಎಷ್ಟೋ ವರ್ಷವಾದ ಮೇಲೆ ನನ್ನ ದವಡೆಯ ಕೆಳಗೆ ಒಂದೇ ಸಾಲಲ್ಲಿ ಗುಳ್ಳೆಗಳು ಏಳಲು ಶುರುವಾದವು. ಹಣೆ, ಕೆನ್ನೆ ಚೆನ್ನಾಗಿಯೇ ಇದ್ದವು. ಕರಿದ ತಿಂಡಿ ಬಿಟ್ಟೆ, ಫೇಸ್‌ವಾಶ್ ಬದಲಿಸಿದೆ, ಏನೂ ಪ್ರಯೋಜನವಾಗಲಿಲ್ಲ. ಒಂದು ಸಂಜೆ ಹೆಲ್ಮೆಟ್ ತೆಗೆದ ತಕ್ಷಣ ಕನ್ನಡಿ ನೋಡಿಕೊಂಡೆ. ಪಟ್ಟಿ ಒತ್ತಿದ ಗೆರೆ ಇನ್ನೂ ಕೆಂಪಗಿತ್ತು. ಗುಳ್ಳೆಗಳೆಲ್ಲ ಆ ಗೆರೆಯ ಮೇಲೇ ಕೂತಿದ್ದವು, ಬಕಲ್ ತಾಗುವ ಕಡೆ ಸ್ವಲ್ಪ ಜಾಸ್ತಿ.

ಇದಕ್ಕೆ ವೈದ್ಯರು ಇಟ್ಟ ಹೆಸರು ಆಕ್ನೆ ಮೆಕಾನಿಕಾ. 1975ರಲ್ಲಿ ಮಿಲ್ಸ್ ಮತ್ತು ಕ್ಲಿಗ್ಮನ್ ಎಂಬ ಚರ್ಮರೋಗ ತಜ್ಞರು ಈ ಹೆಸರಲ್ಲೇ ಬರೆದಿದ್ದರು. ಒತ್ತಡ, ಉಜ್ಜಾಟ, ಬಿಸಿ, ಬೆವರು ಸೇರಿದರೆ ರೋಮರಂಧ್ರದ ಬಾಯಿ ಕಿರಿಕಿರಿಗೊಂಡು ಕಟ್ಟಿಕೊಳ್ಳುತ್ತದೆ, ಆಮೇಲೆ ಊದಿಕೊಳ್ಳುತ್ತದೆ. ಮಾಸ್ಕ್ ಆಗಲಿ, ಬಿಗಿ ಕಾಲರ್ ಆಗಲಿ, ಕಥೆ ಇದೇ.

ಕಾರಣ ಗೊತ್ತಾದ ಖುಷಿಯಲ್ಲಿ ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ಮೊಡವೆಯ ಜೆಲ್ ತಂದು ಪಟ್ಟಿಯ ಗೆರೆಯುದ್ದಕ್ಕೂ ಹಚ್ಚಿದೆ. ಮರುದಿನ ಉರಿ ತಡೆಯಲು ಆಗಲಿಲ್ಲ, ಚರ್ಮ ಪೊರೆ ಪೊರೆಯಾಗಿ ಏಳುತ್ತಿತ್ತು. ನನಗಿದ್ದದ್ದು ಎರಡು ತೊಂದರೆ, ಎರಡಕ್ಕೂ ಒಂದೇ ಮದ್ದು ಹಚ್ಚಿದ್ದೆ.

ಬೆಳಕಿನಲ್ಲಿ ಹತ್ತಿರದಿಂದ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಉಜ್ಜಿ ಆದ ಗಾಯ ಚಪ್ಪಟೆ. ಕೆಂಪಗೆ, ಸ್ವಲ್ಪ ಹೊಳೆಯುತ್ತದೆ, ನೀರು ಬಿದ್ದರೂ ಉರಿಯುತ್ತದೆ. ಮೊಡವೆ ಉಬ್ಬಿರುತ್ತದೆ, ಬೆರಳಿಗೆ ಗಂಟಿನಂತೆ ಸಿಗುತ್ತದೆ, ಕೆಲವಕ್ಕೆ ಬಿಳಿ ತಲೆ ಇರುತ್ತದೆ. ಉಜ್ಜಿದ ಚರ್ಮಕ್ಕೆ ಬೇಕಾದದ್ದು ವಿಶ್ರಾಂತಿ ಮತ್ತು ರಕ್ಷಣೆ, ಮೊಡವೆಯ ಜೆಲ್ ಅಲ್ಲ.

ಹಾಗಾಗಿ ಜೆಲ್ ನಿಲ್ಲಿಸಿದೆ. ರಾತ್ರಿ ಮುಖ ತೊಳೆದು ಕೆಂಪಾದ ಜಾಗಕ್ಕೆ ಮಾತ್ರ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿದೆ. ಒಂದು ವಾರದೊಳಗೆ ಉರಿ ನಿಂತಿತು. ಚರ್ಮ ಮುಚ್ಚಿಕೊಂಡ ಮೇಲೆಯೇ 2.5 ಶೇಕಡಾ ಬೆಂಜಾಯ್ಲ್ ಪೆರಾಕ್ಸೈಡ್ ಜೆಲ್ ಮತ್ತೆ ಹಚ್ಚಲು ಶುರು ಮಾಡಿದೆ. ದಿನ ಬಿಟ್ಟು ದಿನ, ರಾತ್ರಿ, ಕಡಲೆಕಾಳಿನಷ್ಟು. ಅದಕ್ಕಿಂತ ಗಾಢವಾದದ್ದು ನನಗೆ ಬೇಕಾಗಲಿಲ್ಲ. ಒಂದು ಎಚ್ಚರಿಕೆ: ಇದು ಬಟ್ಟೆಯ ಬಣ್ಣ ಹೀರಿಬಿಡುತ್ತದೆ. ನನ್ನ ನೀಲಿ ದಿಂಬಿನ ಕವರಿನಲ್ಲಿ ಈಗಲೂ ಬಿಳಿ ಮಚ್ಚೆಗಳಿವೆ. ಗುಳ್ಳೆ ಕಡಿಮೆಯಾಗಲು ಆರೇಳು ವಾರ ಬೇಕಾಯಿತು, ಎರಡನೇ ವಾರಕ್ಕೇ ಬೇಸತ್ತು ಬಿಡುವವರಲ್ಲಿ ನಾನೂ ಒಬ್ಬನಾಗಿಬಿಡುತ್ತಿದ್ದೆ.

ಆದರೆ ಉಜ್ಜಾಟ ನಿಲ್ಲದಿದ್ದರೆ ಮದ್ದು ಹಚ್ಚಿ ಏನು ಬಂತು, ಅಲ್ವಾ? ಪಟ್ಟಿಯನ್ನು ಸಡಿಲ ಮಾಡಲು ಮನಸ್ಸಾಗಿತ್ತು. ಮಾಡಬೇಡಿ. ಸಡಿಲ ಪಟ್ಟಿಯ ಹೆಲ್ಮೆಟ್ ಬಿದ್ದಾಗ ಕಳಚಿಕೊಳ್ಳುತ್ತದೆ. ಜೊತೆಗೆ ಸಡಿಲವಾದದ್ದು ಅಲುಗಾಡಿ ಇನ್ನಷ್ಟು ಉಜ್ಜುತ್ತದೆ. ಪಟ್ಟಿ ಗದ್ದದ ಕೆಳಗೆ ಎರಡು ಬೆರಳು ಹೋಗುವಷ್ಟಕ್ಕೆ ನಿಲ್ಲಿಸಿ, ಅದರ ಮೇಲೆ ಮೆತ್ತನೆ ಹತ್ತಿ ಬಟ್ಟೆಯ ಕವರ್ ಹೊಲಿದು ಹಾಕಿದೆ. ಬಕಲ್ ಮುಚ್ಚಲು ಅಡ್ಡಿಯಾಗದಂತೆ ನೋಡಿಕೊಂಡೆ. ಎರಡು ಕವರ್ ಇವೆ, ಒಂದು ಬೆವರಿನಲ್ಲಿ ಒದ್ದೆಯಾದರೆ ಇನ್ನೊಂದು. ಒಳಗಿನ ಮೆತ್ತೆಯನ್ನು ವಾರಕ್ಕೊಮ್ಮೆ ಶಾಂಪೂ ನೀರಲ್ಲಿ ತೊಳೆದು, ಚೆನ್ನಾಗಿ ಜಾಲಾಡಿ, ನೆರಳಲ್ಲಿ ಒಣಗಿಸುತ್ತೇನೆ. ಹಿಂದೆ ಅದನ್ನು ತೊಳೆದದ್ದೇ ನೆನಪಿಲ್ಲ.

ನನ್ನ ವಿಷಯದಲ್ಲಿ ನಿಜವಾದ ಅಪರಾಧಿ ಬೆಳಗಿನ ಶೇವಿಂಗ್. ಬ್ಲೇಡು ಆಡಿಸಿದ ಚರ್ಮದ ಮೇಲೆ ಹತ್ತು ನಿಮಿಷದಲ್ಲೇ ಪಟ್ಟಿ ಬಿಗಿಯುತ್ತಿದ್ದೆ. ಈಗ ರಾತ್ರಿಯೇ ಶೇವ್ ಮಾಡುತ್ತೇನೆ. ಬೆಳಿಗ್ಗೆ ಎಣ್ಣೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ, ಅದು ಹೀರಿಕೊಳ್ಳಲು ಅರ್ಧ ಗಂಟೆ ಬಿಟ್ಟು ಹೊರಡುತ್ತೇನೆ. ತಲುಪಿದ ಮೇಲೆ ಬೆವರನ್ನು ಉಜ್ಜದೆ ಒತ್ತಿ ಒರೆಸಿಕೊಳ್ಳುತ್ತೇನೆ. ಸ್ಕ್ರಬ್ ಡಬ್ಬಿ ಕಸದ ಬುಟ್ಟಿಗೆ ಹೋಯಿತು.

ಹೊತ್ತುಗಟ್ಟಲೆ ಮಾಸ್ಕ್ ಹಾಕುವ ನನ್ನ ತಂಗಿಗೂ ಮೂಗಿನ ಮೇಲೆ ಇದೇ ಆಗಿತ್ತು. ಅವಳು ಒದ್ದೆಯಾದ ಮಾಸ್ಕನ್ನು ಕೂಡಲೇ ಬದಲಿಸಿ, ಅದರ ಕೆಳಗೆ ಮೇಕಪ್ ಹಾಕುವುದನ್ನು ಬಿಟ್ಟಳು. ಮುಖಕ್ಕೆ ಬಿಗಿಯಾಗಿ ಅಂಟಿ ಕೂರುವ ಮಾಸ್ಕಿನ ಅಂಚಿನಡಿ ಮಾತ್ರ ಜಿಡ್ಡು ಕ್ರೀಮ್ ಬೇಡ, ಗಾಳಿ ಸೋರುತ್ತದೆ.

ಅವಳಿಗೂ ನನಗೂ ಒಂದು ವಿಷಯದಲ್ಲಿ ವ್ಯತ್ಯಾಸವಿತ್ತು: ಅವಳ ಕುತ್ತಿಗೆಯಲ್ಲೂ ಗುಳ್ಳೆಗಳಿದ್ದವು, ಅವೆಲ್ಲ ಒಂದೇ ಅಳತೆಯವು, ತುರಿಕೆ ಬೇರೆ. ಚರ್ಮ ವೈದ್ಯರು ಅದನ್ನು ಫಂಗಸ್‌ನದ್ದು ಎಂದು ಬೇರೆಯೇ ಔಷಧಿ ಕೊಟ್ಟರು. ಎರಡು ತಿಂಗಳಾದರೂ ಇಳಿಯದಿದ್ದರೆ, ಕೀವು ತುಂಬಿದರೆ, ಕೆಂಪು ಹರಡುತ್ತಾ ಜ್ವರ ಬಂದರೆ ಸುಮ್ನೆ ಜೆಲ್ ಹಚ್ಚುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ.