ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹಾಕ್ಬೇಡಿ

ಸಕಲೇಶಪುರದ ಕಡೆ ಹಳೆ ಮಣ್ಣಿನ ಮನೆ ಇರೋರು ದಯವಿಟ್ಟು ಓದಿ. ನಮ್ಮನೆ ಪಡುವಣ ಗೋಡೆ ಹಸಿ ಇಟ್ಟಿಗೇದು, ಮಳೆಗೆ ಸವೀತದೆ ಅಂತ ಬುಡಕ್ಕೆ ಮೂರಡಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ವಿ, ಮೂರನೇ ಮಳೆಗಾಲಕ್ಕೆ ಅದು ಹೊಟ್ಟೆ ಬಿಟ್ಕೊಂಡು ನಿಂತಿತ್ತು. ಬೆರಳಲ್ಲಿ ತಟ್ಟಿದ್ರೆ ಟೊಳ್ಳು ಸದ್ದು, ಕಿತ್ತು ನೋಡಿದ್ರೆ ಒಳಗಿನ ಮಣ್ಣು ರಾಗಿ ಮುದ್ದೆ ಥರ ಮೆತ್ತಗೆ. ಬಿರುಕಲ್ಲಿ ಹೋದ ನೀರು, ನೆಲದಿಂದ ಏರೋ ತೇವ, ಎರಡೂ ಸಿಮೆಂಟ್ ಹಿಂದೆ ಒಣಗೋಕೆ ದಾರಿ ಇಲ್ದೆ ಕೂತಿರ್ತವೆ, ನೆನೆದ ಮಣ್ಣಿಗೆ ಭಾರ ಹೊರೋ ಶಕ್ತಿ ಇರಲ್ಲ, ಗೋಡೆ ಕುಸಿಯೋದು ಹಂಗೆ.

ರಿಪೇರಿ ಮಳೆಗಾಲದಲ್ಲಿ ಬೇಡ, ಡಿಸೆಂಬರ್ ಮೇಲೆ ಮಾಡಿ. ಮೊದ್ಲು ಮಾಡಿಗೆ ಆಸರೆ ಕೊಡಿ. ಸಿಮೆಂಟ್ ತೆಗೆದು ಕೆಲವು ವಾರ ಗಾಳಿಗೆ ಬಿಡಿ, ಸಡಿಲ ಮಣ್ಣು ಗಟ್ಟಿ ಸಿಗೋವರ್ಗೂ ಕೆರೀರಿ, ಆದ್ರೆ ಒಂದೇ ಸಲ ಉದ್ದಕ್ಕೆ ಬಿಚ್ಬೇಡಿ, ಎರಡು ಮೂರಡಿ ಅಷ್ಟೇ. ನೀರು ಚಿಮುಕಿಸಿ, ಅದೇ ಮಣ್ಣಿನ ಒಣಗಿದ ಇಟ್ಟಿಗೆನ ಮಣ್ಣಿನ ಗಾರೆಲೇ ಕೂರ್ಸಿ (ಸಿಮೆಂಟ್ ಗಾರೆ ಹಾಕಿದ್ರೆ ಮತ್ತೆ ಅದೇ ಕತೆ). ಮೇಲೆ ಮಣ್ಣು, ಮರಳು, ಹುಲ್ಲಿನ ಚೂರು, ಸಗಣಿ ಕಲಸಿ ತೆಳು ಎರಡು ಪದರ ಮೆತ್ತಿ. ಪಡುವಣ ಸೂರು ಎರಡಡಿನಾದ್ರೂ ಮುಂದೆ ಬರ್ಲಿ, ಬುಡದಲ್ಲಿ ನೀರು ನಿಲ್ದಂಗೆ ಹೊರಗಡೆಗೆ ಇಳಿಜಾರು ಮಾಡಿ.