ಮನೆ ಖಾಲಿ ಮಾಡಿಸುವ ನೋಟಿಸನ್ನು ನಾನು ಬರೆಯುವ ರೀತಿ

ವಿರಾಜಪೇಟೆಯಲ್ಲಿ ವಕೀಲಿ ಮಾಡುತ್ತೇನೆ. ಇಲ್ಲಿ ಬಾಡಿಗೆಗೆ ಇರುವ ಎಷ್ಟೋ ಜನ ಮನೆಯಲ್ಲಿ ಕೊಡವ ತಕ್ಕ್, ಮಲಯಾಳಂ ಅಥವಾ ತಮಿಳು ಮಾತಾಡುವವರು. ಕನ್ನಡ ಓದುತ್ತಾರೆ, ಆದರೆ "ಸದರಿ ಷೆಡ್ಯೂಲು ಸ್ವತ್ತಿನ ಖಾಲಿ ಸ್ವಾಧೀನವನ್ನು ಬಿಟ್ಟುಕೊಡತಕ್ಕದ್ದು" ಅಂದರೆ ಏನು ಮಾಡಬೇಕು ಅಂತ ಯಾರಿಗೆ ಗೊತ್ತಾಗುತ್ತೆ? ನಾನೀಗ ಹೀಗೆ ಬರೆಯುತ್ತೇನೆ: "ಸಾಮಾನೆಲ್ಲ ತೆಗೆದು, ಮನೆ ಖಾಲಿ ಮಾಡಿ, ಬೀಗದ ಕೈ ನನ್ನ ಕಕ್ಷಿದಾರರಿಗೆ ಕೊಡಿ." ಚಕ್ಕುಬಂದಿ ಇರುವ ಷೆಡ್ಯೂಲು ಕೊನೆಯಲ್ಲಿ ಹಾಗೇ ಇರಲಿ, ಅದು ಕೋರ್ಟಿಗೆ ಬೇಕು. ಮೇಲೆ ಮಾತ್ರ "ನೀವಿರುವ ಮನೆ" ಅಂದರೆ ಸಾಕು.

ಆದರೆ ಸುಲಭ ಮಾಡುವ ಭರದಲ್ಲಿ ಸುಮ್ನೆ "ದಯವಿಟ್ಟು ಮನೆ ಬಿಡಿ" ಅಂತ ಬರೆದರೆ ಅದು ವಿನಂತಿ ಆಗಿಬಿಡುತ್ತದೆ. ಬಾಡಿಗೆ ಮುಗಿಯಿತು ಅನ್ನುವುದು ಸ್ಪಷ್ಟವಾಗಿ ಇರಲೇಬೇಕು. ತಿಂಗಳ ಬಾಡಿಗೆಯ ಮನೆಗೆ, ಕರಾರಿನಲ್ಲಿ ಬೇರೆ ಅವಧಿ ಇಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನ ಕೊಡಬೇಕು. ಆ ದಿನಗಳ ಲೆಕ್ಕ ಶುರುವಾಗುವುದು ನೋಟಿಸ್ ಕೈ ಸೇರಿದ ಮೇಲೆ, ನಾವು ಸಹಿ ಹಾಕಿದ ದಿನದಿಂದ ಅಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಅಂಚೆ ಯಾವಾಗ ತಲುಪುತ್ತೋ ಹೇಳೋಕಾಗಲ್ಲ. ಅದಕ್ಕೆ ಓದುವವರಿಗೆ ಒಂದು ತಾರೀಖು ಸಿಗಲಿ ಅಂತ ಒಂದು ತಿಂಗಳಾದರೂ ಮುಂದಿನ ತಾರೀಖನ್ನೇ ಹಾಕುತ್ತೇನೆ.

ಮೊನ್ನೆ ಬರೆದ ಒಂದು ನೋಟಿಸಿನ ಮುಖ್ಯ ಭಾಗ ಇದು:

"106ನೇ ಕಲಂ ಪ್ರಕಾರ ನಿಮ್ಮ ಬಾಡಿಗೆಯನ್ನು ಆಗಸ್ಟ್ 31ಕ್ಕೆ ಕೊನೆ ಮಾಡಿದ್ದೇವೆ. ಅಷ್ಟರೊಳಗೆ ಮನೆ ಖಾಲಿ ಮಾಡಿ. ಎರಡು ತಿಂಗಳ ಬಾಡಿಗೆ 12,000 ರೂಪಾಯಿ ಬಾಕಿ ಇದೆ. ನಿಮ್ಮ ಅಡ್ವಾನ್ಸ್ 40,000ದಲ್ಲಿ ಅದನ್ನು ಕಳೆದು, 28,000 ರೂಪಾಯಿಯನ್ನು ಬೀಗದ ಕೈ ಕೊಟ್ಟ ದಿನವೇ ವಾಪಸ್ ಕೊಡುತ್ತೇವೆ. ಆ ತಾರೀಖು ದಾಟಿದ ಮೇಲೆ ನೀವು ಕೊಡುವ ಹಣವನ್ನು ಬಾಡಿಗೆ ಅಂತ ಅಲ್ಲ, ಮನೆಯಲ್ಲಿ ಉಳಿದುಕೊಂಡದ್ದಕ್ಕೆ ಪರಿಹಾರ ಅಂತ ತೆಗೆದುಕೊಳ್ಳುತ್ತೇವೆ. ಅದರಿಂದ ಬಾಡಿಗೆ ಮತ್ತೆ ಶುರುವಾಗುವುದಿಲ್ಲ."

ಹಳೆ ಮಾದರಿಯಲ್ಲಿ "ಹಕ್ಕುಗಳಿಗೆ ಬಾಧಕವಿಲ್ಲದಂತೆ" ಅನ್ನುವ ಒಂದೇ ಮಾತಿನ ಹಿಂದೆ ಅಡಗಿದ್ದ ವಿಷಯವೇ ಆ ಕೊನೆಯ ಎರಡು ವಾಕ್ಯ. ಉದ್ದ ಆಯಿತು, ನಿಜ. ಆದರೆ ಗಡುವು ಮುಗಿದ ಮೇಲೂ ಮಾಲೀಕರು ಎಂದಿನಂತೆ ಬಾಡಿಗೆ ತೆಗೆದುಕೊಂಡರೆ, ಅವರು ನೋಟಿಸ್ ಬಿಟ್ಟುಕೊಟ್ಟರು ಅಂತ ವಾದಿಸಲು 113ನೇ ಕಲಂ ದಾರಿ ಮಾಡಿಕೊಡುತ್ತದೆ. ಹಾಗಾಗಿ ಇದು ಇಬ್ಬರಿಗೂ ಗೊತ್ತಿರಬೇಕಲ್ವಾ? ರಸೀದಿಯಲ್ಲೂ ಅದೇ ಮಾತು ಬರೆಯಲು ಮಾಲೀಕರಿಗೆ ಹೇಳುತ್ತೇನೆ.

ಅಡ್ವಾನ್ಸ್ ವಿಷಯ ಬರೆಯಬೇಕು ಅಂತ ಕಾನೂನೇನೂ ಹೇಳಲ್ಲ. ಬಾಡಿಗೆದಾರರು ಮೊದಲು ಹುಡುಕುವುದು ಅದನ್ನೇ, ಅದಕ್ಕೆ ಹಾಕುತ್ತೇನೆ.

ಕಳಿಸುವ ಮುಂಚೆ ಕೇಸಿಗೆ ಸಂಬಂಧವಿಲ್ಲದ ಒಬ್ಬರಿಗೆ, ಹೆಸರು ವಿಳಾಸ ಮುಚ್ಚಿ, ಓದಲು ಕೊಡುತ್ತೇನೆ. "ಅರ್ಥ ಆಯ್ತಾ?" ಅಂತ ಕೇಳುವುದಿಲ್ಲ, ಕೇಳಿದರೆ ಎಲ್ಲರೂ ಹೂಂ ಅಂತಾರೆ. ಮನೆ ಯಾವಾಗ ಬಿಡಬೇಕು, ಕೈಗೆ ಎಷ್ಟು ದುಡ್ಡು ಬರುತ್ತೆ ಅಂತ ಕೇಳುತ್ತೇನೆ. ಉತ್ತರ ತಪ್ಪಿದ ಕಡೆ ವಾಕ್ಯ ಬದಲಾಯಿಸುತ್ತೇನೆ.