ಕುಮಟಾ ಕಡೆಯ ಗದ್ದೆಗೆ ಡಯಾಂಚ: ಯಾವಾಗ ಮಗುಚುವುದು, ಯೂರಿಯಾ ಎಷ್ಟು ಕಡಿಮೆ ಮಾಡುವುದು

ಭತ್ತದ ನಾಟಿಗೆ ಮುಂಚೆ ಬೆಳೆಸಿ ಮಣ್ಣಿಗೆ ಮಗುಚುವ ಹಸಿರೆಲೆ ಗೊಬ್ಬರಕ್ಕೆ, ನೀರು ನಿಲ್ಲದ ಮಕ್ಕಿ ಗದ್ದೆಯಾದರೆ ಸೆಣಬು ಸಾಕು. ಜೂನ್ ಮಳೆಗೆ ನೀರು ಕಟ್ಟುವ ತಗ್ಗು ಗದ್ದೆಯಲ್ಲಿ ಸೆಣಬಿನ ಬುಡ ಕೊಳೆಯುತ್ತದೆ, ಅಲ್ಲಿ ಡಯಾಂಚವೇ ಸರಿ. ಸ್ವಲ್ಪ ಉಪ್ಪಿನಂಶ ಇರುವ ಗದ್ದೆಯಲ್ಲೂ ಅದು ತಾಳಿಕೊಳ್ಳುತ್ತದೆ.

ನಾವು ಮೇ 15ರ ಆಸುಪಾಸು, ಮಳೆ ಬಂದರೆ ಮಳೆಗೆ, ಇಲ್ಲದಿದ್ದರೆ ಒಮ್ಮೆ ನೀರು ಹಾಯಿಸಿ, ಎಕರೆಗೆ 10ರಿಂದ 12 ಕಿಲೋ ಬೀಜ ಎರಚುತ್ತೇವೆ. ಬೀಜ ತೆಳುವಾದರೆ ಗಿಡ ಕವಲೊಡೆದು ಕಾಂಡ ದಪ್ಪವಾಗುತ್ತದೆ, ಆಮೇಲೆ ಕೊಳೆಯಲು ಹಟ ಮಾಡುತ್ತದೆ. ಬಿಟ್ಟ ದನ ಓಡಾಡುವ ಕಾಲ, ಬೇಲಿ ಬೇಕೇ ಬೇಕು. ತಿಂಗಳಾದ ಮೇಲೆ ಒಂದೆರಡು ಗಿಡ ಕಿತ್ತು ಬೇರಿನ ಗಂಟು ಸೀಳಿ ನೋಡಬೇಕು. ಒಳಗೆ ನಸುಗೆಂಪಿದ್ದರೆ ಗಾಳಿಯ ಸಾರಜನಕ ಹಿಡಿಯುತ್ತಿದೆ ಎಂದರ್ಥ. ಬೆಳ್ಳಗೋ ಹಸಿರಾಗಿಯೋ ಇದ್ದರೆ ಆ ಕೆಲಸ ನಡೆಯುತ್ತಿಲ್ಲ, ಗಿಡ ಎಷ್ಟೇ ಎತ್ತರವಿರಲಿ.

ಮಗುಚುವ ಕಾಲ 45 ದಿನದ ಹೊತ್ತಿಗೆ, ಹೂಮೊಗ್ಗು ಕಾಣುವಾಗ. ಹೂವು ಪೂರ್ತಿ ಅರಳಲಿ ಎಂದು ಕಾದರೆ ಸೊಪ್ಪಿನ ತೂಕವೇನೋ ಹೆಚ್ಚುತ್ತದೆ, ಆದರೆ ಕಾಂಡ ನಾರಾಗುತ್ತದೆ. ನಾರು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುವುದರಿಂದ ನಾಟಿಯಾದ ಭತ್ತ ಹಳದಿಗೆ ತಿರುಗುತ್ತದೆ. ದಿನ ಎಣಿಸುವುದಕ್ಕಿಂತ ಕಾಂಡ ಬಗ್ಗಿಸಿ ನೋಡುವುದು ನಂಬಿಕಸ್ತ ಪರೀಕ್ಷೆ: ನಡುಭಾಗ ಬೆರಳಲ್ಲೇ ಪಟ್ಟನೆ ಮುರಿಯಬೇಕು. ಸಿಪ್ಪೆ ನಾರಾಗಿ ಜೋತರೆ ತಡವಾಗಿದೆ.

ಮೇ 15ಕ್ಕೆ ಬಿತ್ತಿದ್ದನ್ನು ಜೂನ್ 30ಕ್ಕೆ ಮಗುಚಿದರೆ ಜುಲೈ 8ರ ಹೊತ್ತಿಗೆ ನಾಟಿ. ಹಾಗಾಗಿ ಭತ್ತದ ಅಗೆ ಹಾಕುವುದು ಜೂನ್ 12ರ ಸುಮಾರಿಗೆ. ಗದ್ದೆಯಲ್ಲಿ ಎರಡು ಇಂಚು ನೀರಿಟ್ಟು, ಹಲಗೆ ಎಳೆದು ಗಿಡ ಮಲಗಿಸಿ, ಮಲಗಿದ ದಿಕ್ಕಿನಲ್ಲೇ ಟಿಲ್ಲರ್ ಓಡಿಸಬೇಕು. ಎದುರು ದಿಕ್ಕಿನಲ್ಲಿ ಹೋದರೆ ಕಾಂಡ ಸುತ್ತಿಕೊಳ್ಳುತ್ತದೆ. ಎದೆಯೆತ್ತರ ಮೀರಿದ್ದರೆ ಮೊದಲು ಕತ್ತಿಯಲ್ಲಿ ಸವರಿ. ಆಮೇಲೆ ಬದುವಿನ ಕಂಡಿ ಭದ್ರವಾಗಿ ಮುಚ್ಚಬೇಕು, ನಮ್ಮ ಮಳೆಗೆ ಕರಗಿದ ಸಾರವೆಲ್ಲ ಹೊಳೆ ಸೇರುತ್ತದೆ. ಗದ್ದೆಯನ್ನು ಒಣಗಿಸಲೂ ಬಾರದು: ಒಣಗಿದಾಗ ನೈಟ್ರೇಟ್ ಆದ ಸಾರಜನಕ, ಮತ್ತೆ ನೀರು ನಿಂತಾಗ ಅನಿಲವಾಗಿ ಹಾರಿಹೋಗುತ್ತದೆ.

ಮಗುಚಿದ ಮರುದಿನವೇ ನಾಟಿ ಮಾಡುವ ಆತುರ ಬೇಡ. ಕೆಸರು ತುಳಿದಾಗ ಗುಳ್ಳೆಯೆದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಇನ್ನೂ ಎರಡು ಮೂರು ದಿನ ಕಾಯಿರಿ. ನಾಟಿಯಾದ ಮೇಲೆ ಬೇರು ಕಪ್ಪಾದರೆ ಒಂದು ದಿನ ಮಾತ್ರ ನೀರು ಬಸಿದು ಮತ್ತೆ ಕಟ್ಟಬೇಕು.

ಇನ್ನು ಯೂರಿಯಾ ಲೆಕ್ಕ. ಮಗುಚುವ ಮುನ್ನ ಮೂರು ಕಡೆ ಒಂದು ಚದರ ಮೀಟರ್ ಜಾಗದ ಗಿಡ ಕೊಯ್ದು ತೂಗಿ ಸರಾಸರಿ ಹಿಡಿಯಬೇಕು. 1.3 ಕಿಲೋ ಬಂತೆನ್ನಿ. ಎಕರೆಗೆ ಸುಮಾರು 5,200 ಕಿಲೋ ಹಸಿ ಸೊಪ್ಪು. ಒಣಗಿದರೆ ಐದರಲ್ಲೊಂದು ಪಾಲು, 1,040 ಕಿಲೋ. ಅದರಲ್ಲಿ ನೂರಕ್ಕೆ 2.5ರಂತೆ 26 ಕಿಲೋ ಸಾರಜನಕ. ಕಾಗದದ ಮೇಲೆ ಇದು 56 ಕಿಲೋ ಯೂರಿಯಾಕ್ಕೆ ಸಮ, ಆದರೆ ಅಷ್ಟನ್ನೂ ಕಡಿತ ಮಾಡಿದರೆ ತೆನೆ ಹೊತ್ತಿಗೆ ಪೈರು ಸೊರಗುತ್ತದೆ. ಮೊದಲ ಬೆಳೆಗೆ ದಕ್ಕುವುದು ಮೂರನೇ ಒಂದರಿಂದ ಅರ್ಧದಷ್ಟು. ನಾವು ಅರ್ಧ ಚೀಲ, ಅಂದರೆ 22 ಕಿಲೋ ಯೂರಿಯಾ ಕಡಿಮೆ ಹಾಕುತ್ತೇವೆ, ಅದೂ ನಾಟಿ ಸಮಯದ ಕಂತಿನಲ್ಲಿ. ತೆನೆ ಕಟ್ಟುವ ಮುಂಚಿನ ಮೇಲುಗೊಬ್ಬರ ಎಂದಿನಂತೆಯೇ ಕೊಡುತ್ತೇವೆ.